ಡಿಪಿಐ ಕೇಳುವ ಮೊದಲು ದೂರ ಅಳೆಯಿರಿ

ಪ್ರಶ್ನೆ: ಚಿತ್ರದುರ್ಗದ ಕೋಟೆ ಮೇಲೆ ಅಪ್ಪ ಅಮ್ಮ ನಿಂತಿರುವ ಒಂದು ಮೊಬೈಲ್ ಫೋಟೋ ಇದೆ. ಅವರ ಮದುವೆಯ ನಲವತ್ತನೇ ವರ್ಷಕ್ಕೆ ಅದನ್ನು 24×36 ಇಂಚಿನ ಪೋಸ್ಟರ್ ಮಾಡಿಸಿ ಹಾಲ್‌ನಲ್ಲಿ ಹಾಕಬೇಕು ಅಂತ ಆಸೆ. ಅಂಗಡಿಯಲ್ಲಿ "ಇದು 72 ಡಿಪಿಐ ಇದೆ, 300 ಮಾಡಿ ತನ್ನಿ" ಅಂದರು. ಸ್ನೇಹಿತ ಫೋಟೋಶಾಪ್‌ನಲ್ಲಿ 300 ಮಾಡಿಕೊಟ್ಟ. ಈಗ "ಆದ್ರೂ ಒಡೆಯುತ್ತೆ" ಅಂತಾರೆ. ಫೋಟೋ ಅಣ್ಣನ ಫೋನ್‌ನಿಂದ ವಾಟ್ಸಾಪ್‌ನಲ್ಲಿ ಬಂದದ್ದು, 1600×1200 ಅಂತ ತೋರಿಸುತ್ತೆ. ನಿಜವಾಗಿ ಎಷ್ಟು ಡಿಪಿಐ ಬೇಕು?

ಉತ್ತರ: ಮೊದಲು ನಿಮ್ಮ ಅಣ್ಣನಿಗೆ ಒಂದು ಫೋನ್ ಮಾಡಿ. ಆ ಫೋಟೋ ಅವರ ಮೊಬೈಲ್‌ನಲ್ಲಿ ಇನ್ನೂ ಇದೆಯಾ ಕೇಳಿ. ಇದ್ದರೆ ನಿಮ್ಮ ಕಷ್ಟ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತದೆ. ನಿಮ್ಮ ಕೈಯಲ್ಲಿರುವುದು ಅವರು ತೆಗೆದ ಫೋಟೋ ಅಲ್ಲ. ವಾಟ್ಸಾಪ್ ಅದನ್ನು ಕುಗ್ಗಿಸಿ ಕಳಿಸಿದ ನಕಲು. 1600×1200 ಅನ್ನುವ ಅಳತೆ ನೋಡಿದರೇ ಅದು ಗೊತ್ತಾಗುತ್ತದೆ. ಇವತ್ತಿನ ಯಾವ ಮೊಬೈಲ್ ಕ್ಯಾಮೆರಾವೂ ಮಾಮೂಲಾಗಿ ಅಷ್ಟು ಚಿಕ್ಕ ಫೋಟೋ ತೆಗೆಯುವುದಿಲ್ಲ. 12 ಮೆಗಾಪಿಕ್ಸೆಲ್ ಫೋಟೋ ಆದರೆ ಅಣ್ಣನ ಹತ್ತಿರ ಸುಮಾರು 4000×3000 ಪಿಕ್ಸೆಲ್ ಇರುತ್ತದೆ.

ಆದರೆ ಅವರು ಮತ್ತೆ ಮೊದಲಿನ ಹಾಗೇ ಫೋಟೋ ಅಂತ ಕಳಿಸಿದರೆ ಮತ್ತೆ ಕುಗ್ಗಿಯೇ ಬರುತ್ತದೆ. ವಾಟ್ಸಾಪ್‌ನಲ್ಲಿ ಪೇಪರ್ ಕ್ಲಿಪ್ ಅಥವಾ + ಗುರುತು ಒತ್ತಿ, `Document` ಆರಿಸಿ, ಅದರ ಮೂಲಕ ಫೋಟೋ ಫೈಲ್ ಕಳಿಸಲು ಹೇಳಿ. ಹಾಗೆ ಕಳಿಸಿದರೆ ಫೈಲ್ ಇದ್ದ ಹಾಗೇ ಬರುತ್ತದೆ. ಬಂದ ಮೇಲೆ ಫೋಟೋದ ವಿವರ ತೆರೆದು ನೋಡಿ. ಪಿಕ್ಸೆಲ್ ಅಳತೆ 4000ದ ಆಸುಪಾಸು ಇರಬೇಕು. ಫೈಲ್ ಕೂಡ ಕೆಲವು ಎಂಬಿ ಇರಬೇಕು. ಎರಡು ಮೂರು ನೂರು ಕೆಬಿ ಇದ್ದರೆ ಮತ್ತೆ ನಕಲೇ ಬಂದಿದೆ ಅಂತ ಅರ್ಥ.

ಈಗ ನಿಮ್ಮ ಸ್ನೇಹಿತರು ಮಾಡಿದ ಕೆಲಸಕ್ಕೆ ಬರುತ್ತೇನೆ. ಈ ತಪ್ಪು ತಿಳಿವಳಿಕೆ ದಾವಣಗೆರೆಯಲ್ಲಿ ನನ್ನ ಪ್ರಿಂಟಿಂಗ್ ಟೇಬಲ್‌ಗೆ ವಾರಕ್ಕೊಮ್ಮೆಯಾದರೂ ಬರುತ್ತದೆ.

ಚುಕ್ಕಿ ರಂಗೋಲಿ ನೆನಪು ಮಾಡಿಕೊಳ್ಳಿ. ಹದಿನೈದು ಚುಕ್ಕಿಯ ರಂಗೋಲಿಯನ್ನು ಹೊಸ್ತಿಲ ಮುಂದೆ ಪುಟ್ಟದಾಗಿಯೂ ಹಾಕಬಹುದು, ಅಂಗಳ ತುಂಬ ದೊಡ್ಡದಾಗಿಯೂ ಹಾಕಬಹುದು. ಚುಕ್ಕಿ ಹದಿನೈದೇ. ಅಂಗಳದಲ್ಲಿ ಹಾಕಿದಾಗ ಚುಕ್ಕಿಗಳ ನಡುವಿನ ಜಾಗ ಜಾಸ್ತಿ ಆಗುತ್ತದೆ, ಅಷ್ಟೇ. ಫೋಟೋದ ಪಿಕ್ಸೆಲ್ ಆ ಚುಕ್ಕಿ ಇದ್ದ ಹಾಗೆ. ಡಿಪಿಐ ಅಂದರೆ ಕಾಗದದ ಒಂದು ಇಂಚಿನೊಳಗೆ ಎಷ್ಟು ಚುಕ್ಕಿ ಬಂತು ಅನ್ನುವ ಲೆಕ್ಕ. ಅದು ಫೋಟೋದ ಒಳಗೆ ಇರುವ ಗುಣ ಅಲ್ಲ. ಕಾಗದದ ಅಳತೆ ಗೊತ್ತಾದ ಮೇಲೆ ಮಾತ್ರ ಹುಟ್ಟುವ ಸಂಖ್ಯೆ.

```
ಡಿಪಿಐ = ಪಿಕ್ಸೆಲ್ ÷ ಇಂಚು
1600 ÷ 36 = 44
4000 ÷ 36 = 111
```

ಫೈಲ್‌ನಲ್ಲಿ ಕಾಣುವ 72 ಸುಮ್ನೆ ಅಂಟಿಸಿದ ಚೀಟಿ. ಕ್ಯಾಮೆರಾ ಅಥವಾ ಆ್ಯಪ್ ಏನೋ ಒಂದು ಸಂಖ್ಯೆ ಬರೆಯಬೇಕಲ್ಲ ಅಂತ ಬರೆದದ್ದು. ಫೋಟೋಶಾಪ್‌ನ `Image Size` ಕಿಟಕಿಯಲ್ಲಿ `Resample` ಮುಂದಿನ ಗುರುತು ತೆಗೆದು 300 ಬರೆದರೆ ಚೀಟಿ ಮಾತ್ರ ಬದಲಾಗುತ್ತದೆ. ಪಿಕ್ಸೆಲ್ 1600×1200 ಆಗಿಯೇ ಉಳಿಯುತ್ತದೆ. ಇಂಚು ಮಾತ್ರ ಸುಮಾರು 5.3×4ಕ್ಕೆ ಇಳಿಯುತ್ತದೆ.

`Resample` ಗುರುತು ಇಟ್ಟುಕೊಂಡೇ 72ನ್ನು 300 ಮಾಡಿದ್ದರೆ ಫೈಲ್ ಸುಮಾರು 6667×5000 ಆಗಿರುತ್ತದೆ. ನಿಮ್ಮ ಸ್ನೇಹಿತರು ಕೊಟ್ಟ ಫೈಲ್‌ನ ಅಳತೆ ನೋಡಿ, ಯಾವುದನ್ನು ಮಾಡಿದ್ದಾರೆ ಅಂತ ತಿಳಿಯುತ್ತದೆ. ಎರಡನೆಯದಾಗಿದ್ದರೆ, ಒಂದು ನಿಜವಾದ ಪಿಕ್ಸೆಲ್ ಇದ್ದ ಕಡೆ ಈಗ ಹದಿನೇಳು ಪಿಕ್ಸೆಲ್ ಇವೆ. ಹೆಚ್ಚಿನವನ್ನೆಲ್ಲ ಕಂಪ್ಯೂಟರ್ ಅಕ್ಕಪಕ್ಕದ ಬಣ್ಣ ನೋಡಿ ತುಂಬಿದೆ. ಅಮ್ಮನ ಸೀರೆಯ ಅಂಚಿನ ಎಳೆ 1600ರ ಫೈಲ್‌ನಲ್ಲಿ ಇಲ್ಲದಿದ್ದರೆ 6667ರ ಫೈಲ್‌ನಲ್ಲೂ ಬರುವುದಿಲ್ಲ. ಅಂಗಡಿಯವರು ಡಿಪಿಐ ಸರಿ ಇದ್ದರೂ ಒಡೆಯುತ್ತೆ ಅಂದದ್ದು ಇದಕ್ಕೇ. ಅವರ ಕಣ್ಣು ಸರಿ ಹೇಳಿದೆ, ಮೊದಲು ಕೇಳಿದ ಸಂಖ್ಯೆ ಮಾತ್ರ ತಪ್ಪು.

ಹಾಗಾದರೆ ಈ 300 ಎಲ್ಲಿಂದ ಬಂತು? ನಮ್ಮ ಕಣ್ಣಿನಿಂದ. ಒಳ್ಳೆಯ ದೃಷ್ಟಿ ಇರುವವರು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರ ಇರುವ ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ಕಾಣಬಲ್ಲರು. ಅದಕ್ಕಿಂತ ಹತ್ತಿರ ಇದ್ದರೆ ಎರಡೂ ಸೇರಿ ಒಂದೇ ಆಗಿ ಕಾಣುತ್ತವೆ. ಒಂದು ಅಡಿ ದೂರದಲ್ಲಿ ಪುಸ್ತಕ ಹಿಡಿದಾಗ ಈ ಮಿತಿ ಇಂಚಿಗೆ ಸುಮಾರು 286 ಚುಕ್ಕಿಗೆ ಬರುತ್ತದೆ. ಅದನ್ನೇ ಅಂದಾಜಿಗೆ 300 ಅಂತ ಹಿಡಿದಿದ್ದಾರೆ. ಅಂದರೆ 300 ಡಿಪಿಐ ಕೈಯಲ್ಲಿ ಹಿಡಿದು ನೋಡುವ ಆಲ್ಬಂ, ಪತ್ರಿಕೆ, ಲಗ್ನಪತ್ರಿಕೆಗಳ ಲೆಕ್ಕ. ಗೋಡೆಯ ಪೋಸ್ಟರಿನ ಲೆಕ್ಕ ಅಲ್ಲ.

ದೂರ ಎರಡು ಪಟ್ಟಾದರೆ ಬೇಕಾಗುವ ಡಿಪಿಐ ಅರ್ಧ ಆಗುತ್ತದೆ. ಹಾಗಾಗಿ ನಾನು ಇಟ್ಟುಕೊಂಡಿರುವ ಲೆಕ್ಕ ಬಹಳ ಸರಳ.

```
ಬೇಕಾದ ಡಿಪಿಐ = 300 ÷ ನೋಡುವ ದೂರ (ಅಡಿಗಳಲ್ಲಿ)
```

ಎರಡು ಅಡಿಗೆ 150. ಮೂರು ಅಡಿಗೆ 100. ಆರು ಅಡಿಗೆ 50. ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆಗೆ ರಸ್ತೆ ಮೇಲೆ ಕಟ್ಟುವ ಫ್ಲೆಕ್ಸ್ ನೋಡಿರುತ್ತೀರಿ. ಅದನ್ನು ಮೂವತ್ತು ಅಡಿಯಿಂದ ನೋಡಿದರೆ ಇಂಚಿಗೆ 10 ಪಿಕ್ಸೆಲ್ ಸಾಕು. ಎಷ್ಟೋ ಜನ "ಅಣ್ಣಾ, ವಾಟ್ಸಾಪ್ ಫೋಟೋನೇ ಹತ್ತು ಅಡಿ ಫ್ಲೆಕ್ಸ್‌ಗೆ ಚೆನ್ನಾಗಿ ಬಂತು, ಮೂರು ಅಡಿ ಫ್ರೇಮಿಗೆ ಯಾಕೆ ಬರಲ್ಲ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಫ್ಲೆಕ್ಸ್‌ಗೆ ಏಣಿ ಹಾಕಿ ಹತ್ತಿರ ಹೋಗಿ ನೋಡಿದರೆ ಅದರಲ್ಲೂ ಚೌಕ ಚೌಕ ಕಾಣುತ್ತದೆ. ಯಾರೂ ಹತ್ತಿ ನೋಡುವುದಿಲ್ಲ.

ಮಷಿನ್ ಮೇಲೆ ಬರೆದಿರುವ 1440 ಡಿಪಿಐ ನೋಡಿ ಗಾಬರಿ ಬೀಳಬೇಡಿ. ಅದು ಇಂಕಿನ ಹನಿಗಳ ಲೆಕ್ಕ. ಫೋಟೋದ ಒಂದು ಪಿಕ್ಸೆಲ್‌ನ ಬಣ್ಣ ಬರಿಸಲು ಮಷಿನ್ ಹಲವು ಹನಿ ಹಾಕುತ್ತದೆ. ನಿಮ್ಮ ಫೈಲ್ 1440 ಇರಬೇಕು ಅಂತ ಅದರ ಅರ್ಥ ಅಲ್ಲ.

ಈಗ ನಿಮ್ಮ ಹಾಲ್. ಟೇಪ್ ತೆಗೆದುಕೊಂಡು ಸೋಫಾದಿಂದ ಆ ಗೋಡೆಗೆ ಎಷ್ಟು ಅಡಿ ಅಂತ ಅಳೆಯಿರಿ. ಏಳೆಂಟು ಅಡಿ ಇರಬಹುದು. ಆ ಲೆಕ್ಕಕ್ಕೆ 40 ಡಿಪಿಐ ಸಾಕಾಗುತ್ತದೆ. ಆದರೆ ಮನೆಯ ಫೋಟೋವನ್ನು ಯಾರೂ ಸೋಫಾದಲ್ಲಿ ಕೂತು ಮಾತ್ರ ನೋಡುವುದಿಲ್ಲ. ಬಂದ ನೆಂಟರು ಎದ್ದು ಹತ್ತಿರ ಹೋಗುತ್ತಾರೆ. "ಇದು ಕೋಟೆಯ ಯಾವ ಜಾಗ?" ಅಂತ ಬೆರಳಿಟ್ಟು ಕೇಳುತ್ತಾರೆ. ಆಗ ಮುಖ ಮತ್ತು ಫೋಟೋ ನಡುವೆ ಎರಡೂವರೆ ಮೂರು ಅಡಿ ಇರುತ್ತದೆ. ಅದನ್ನೇ ಲೆಕ್ಕಕ್ಕೆ ಹಿಡಿಯಿರಿ. 100ರಿಂದ 120 ಡಿಪಿಐ ಬೇಕು.

ಅಣ್ಣನ ಮೂಲ ಫೋಟೋ 4000×3000 ಇದ್ದರೆ 36 ಇಂಚಿಗೆ 111 ಬಂತು. ಆಗಲೇ ಸಾಕು. ಆದರೂ 24×36 ಬೇಡ ಅನ್ನುತ್ತೇನೆ. ಮೊಬೈಲ್ ಫೋಟೋದ ಉದ್ದ ಅಗಲ 4ಕ್ಕೆ 3ರಂತೆ ಇರುತ್ತದೆ. 36×24 ಕಾಗದ 3ಕ್ಕೆ 2ರಂತೆ. ಅಡ್ಡ ಫೋಟೋವನ್ನು ಅಗಲ ಪೂರ್ತಿ ಬರುವ ಹಾಗೆ ಅದರಲ್ಲಿ ಕೂರಿಸಿದರೆ ಮೇಲೆ ಕೆಳಗೆ ಸೇರಿ 333 ಸಾಲು ಪಿಕ್ಸೆಲ್ ಕತ್ತರಿಸಿ ಹೋಗುತ್ತದೆ. ಅಂದರೆ ಎತ್ತರದ ಒಂಬತ್ತನೇ ಒಂದು ಭಾಗ. ಕೋಟೆ ಮೇಲಿನ ಫೋಟೋದಲ್ಲಿ ಅದು ಅಪ್ಪನ ಪಾದ ಆಗಿರಬಹುದು, ಹಿಂದಿನ ಬಂಡೆಯ ತುದಿ ಆಗಿರಬಹುದು. ಕೆಲವು ಕಡೆ ಕತ್ತರಿಸುವ ಬದಲು ಎಳೆದು ಹಿಗ್ಗಿಸಿ ಕೂರಿಸಿಬಿಡುತ್ತಾರೆ. ಆಗ ಇಬ್ಬರೂ ದಪ್ಪಗೆ ಕಾಣುತ್ತಾರೆ.

24×32 ಇಂಚು ಮಾಡಿಸಿ. 3000ವನ್ನು 24ರಿಂದ ಭಾಗಿಸಿದರೆ 125. 4000ವನ್ನು 32ರಿಂದ ಭಾಗಿಸಿದರೂ 125. ಏನೂ ಕತ್ತರಿಸುವ ಹಾಗಿಲ್ಲ, ಎಳೆಯುವ ಹಾಗೂ ಇಲ್ಲ. 125 ಡಿಪಿಐ ಅಂದರೆ ಎರಡೂವರೆ ಅಡಿ ಹತ್ತಿರದವರೆಗೂ ಚೊಕ್ಕವಾಗಿ ಕಾಣುತ್ತದೆ. ಫ್ರೇಮ್ ಸಿದ್ಧ ಸೈಜಿನದು ತಂದುಬಿಟ್ಟು ಆಮೇಲೆ ಫೋಟೋ ಹೊಂದಿಸಲು ಹೋಗಬೇಡಿ. ಪ್ರಿಂಟ್ ಬಂದ ಮೇಲೆ ಅದರ ಅಳತೆಗೆ ಫ್ರೇಮ್ ಕಟ್ಟಿಸಿ.

ಡಿಪಿಐ ಸರಿ ಬಂದರೂ ಒಂದು ವಿಷಯ ನೋಡಲೇಬೇಕು. ಫೋಟೋದಲ್ಲಿ ಮುಖ ಎಷ್ಟು ಪಿಕ್ಸೆಲ್ ಅಗಲ ಇದೆ? ಇದನ್ನು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಶಾಲೆಯ ಗ್ರೂಪ್ ಫೋಟೋ ದೊಡ್ಡದು ಮಾಡಿಕೊಟ್ಟೆ. ಮೂರು ಅಡಿ ಅಗಲ, 100 ಡಿಪಿಐ ಇತ್ತು. ನನ್ನ ಲೆಕ್ಕ ಸರಿ ಇತ್ತು. ಆದರೆ ಮೂರು ಸಾಲಿನಲ್ಲಿ ಅರವತ್ತು ಮಕ್ಕಳು. ಒಂದೊಂದು ಮುಖ ಒಂದಿಂಚು ಕೂಡ ಇರಲಿಲ್ಲ. ನೋಡಲು ಬಂದ ತಾಯಂದಿರು ತಮ್ಮ ಮಗುವನ್ನು ಹುಡುಕುತ್ತಾ ಮೂಗು ತಾಗುವಷ್ಟು ಹತ್ತಿರ ಹೋದರು. ಅಷ್ಟು ಹತ್ತಿರದಲ್ಲಿ ಕಣ್ಣು ಮೂಗು ಎಲ್ಲಾ ಕಲಸಿಹೋಗಿತ್ತು. ಫೋಟೋವನ್ನು ಎಷ್ಟು ದೂರದಿಂದ ನೋಡುತ್ತಾರೆ ಅನ್ನುವುದನ್ನು ಕಾಗದದ ಸೈಜ್ ಒಂದೇ ತೀರ್ಮಾನ ಮಾಡುವುದಿಲ್ಲ, ಅದರಲ್ಲಿ ಅವರು ಹುಡುಕುವ ವಸ್ತು ಎಷ್ಟು ಚಿಕ್ಕದು ಅನ್ನುವುದೂ ಮಾಡುತ್ತದೆ. ಆ ದಿನದಿಂದ ಮುಖ ಅಳೆಯದೆ ನಾನು ದೊಡ್ಡ ಪ್ರಿಂಟ್ ಒಪ್ಪಿಕೊಳ್ಳುತ್ತಿಲ್ಲ.

ನಿಮ್ಮ ಫೋಟೋದಲ್ಲಿ ಅಳೆಯುವುದು ಸುಲಭ. ಕ್ರಾಪ್ ಸಾಧನ ತೆಗೆದುಕೊಂಡು ಅಮ್ಮನ ಮುಖಕ್ಕೆ ಮಾತ್ರ, ಕಿವಿಯಿಂದ ಕಿವಿಗೆ, ಚೌಕ ಎಳೆಯಿರಿ. ಅಗಲದ ಪಿಕ್ಸೆಲ್ ನೋಡಿ, ಆಮೇಲೆ ಕ್ರಾಪ್ ಉಳಿಸದೆ ಹೊರಗೆ ಬನ್ನಿ. ಮೂಲ ಫೈಲ್‌ನಲ್ಲಿ ಅದು 200 ಪಿಕ್ಸೆಲ್ ಇದೆ ಅಂದುಕೊಳ್ಳೋಣ. 24×32ರ ಪ್ರಿಂಟಿನಲ್ಲಿ ಮುಖ 1.6 ಇಂಚು ಬರುತ್ತದೆ. ವಾಟ್ಸಾಪ್ ನಕಲಿನಲ್ಲೂ ಕಾಗದದ ಮೇಲೆ ಅಷ್ಟೇ ದೊಡ್ಡ ಮುಖ, ಆದರೆ ಅದನ್ನು ಬರೆಯಲು ಇರುವುದು 80 ಪಿಕ್ಸೆಲ್ ಮಾತ್ರ. 80ರಲ್ಲಿ ಕಣ್ಣಿನ ರೆಪ್ಪೆ, ಮೂಗುತಿಯ ಹರಳು, ಹಣೆಯ ಗೆರೆ ಯಾವುದೂ ಉಳಿಯುವುದಿಲ್ಲ. 150ಕ್ಕಿಂತ ಕಡಿಮೆ ಬಂದರೆ ನಾನು ಸೈಜ್ ಇಳಿಸಲು ಹೇಳುತ್ತೇನೆ.

ಪಿಕ್ಸೆಲ್ ಎಣಿಕೆ ಕೆಲವೊಮ್ಮೆ ಮೋಸ ಮಾಡುವುದೂ ಉಂಟು. ಅಣ್ಣ ಕೆಳಗಿನ ಮೆಟ್ಟಿಲ ಹತ್ತಿರ ನಿಂತು, ಎರಡು ಬೆರಳಿನಿಂದ ಪರದೆ ಹಿಗ್ಗಿಸಿ ಜೂಮ್ ಮಾಡಿ ತೆಗೆದಿದ್ದರೆ, ಫೋನ್ ನಡುವಿನ ಭಾಗವನ್ನು ಕತ್ತರಿಸಿ ಹಿಗ್ಗಿಸಿ 4000×3000 ಅಂತ ಉಳಿಸಿರಬಹುದು. ಎರಡು ಪಟ್ಟು ಹಾಗೆ ಹಿಗ್ಗಿಸಿದ್ದರೆ ನಿಜವಾದ ವಿವರ ಇರುವುದು 2000×1500ರಷ್ಟು ಮಾತ್ರ. ಸಂಜೆ ಬೆಳಕಿನಲ್ಲಿ ಕೈ ಅಲುಗಿದ್ದರೂ ಇದೇ ಗತಿ. ಕಂಡುಹಿಡಿಯಲು ಫೋಟೋವನ್ನು ಕಂಪ್ಯೂಟರ್‌ನಲ್ಲಿ 100%ಗೆ ಹಿಗ್ಗಿಸಿ ನೋಡಿ. ಚಿತ್ರದುರ್ಗದ ಫೋಟೋಗಳಲ್ಲಿ ಒಂದು ಅನುಕೂಲ ಇದೆ. ಹಿಂದೆ ದೂರದ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಬಿದ್ದಿದ್ದರೆ ಅವುಗಳ ಕಂಬ ನೋಡಿ. ಆಕಾಶಕ್ಕೆ ಎದುರಾಗಿ ಒಂದೇ ತೆಳು ಗೆರೆಯಾಗಿ ಕಂಡರೆ ಫೋಟೋ ಗಟ್ಟಿ ಇದೆ. ಹೊಗೆಯ ಹಾಗೆ ಹರಡಿದ್ದರೆ ಅಥವಾ ಎರಡೆರಡು ಗೆರೆ ಕಂಡರೆ ಸಂಖ್ಯೆ ನಂಬಬೇಡಿ. ಬಂಡೆಯ ಮೈ ಕೂಡ ಹೇಳುತ್ತದೆ. ಕಲ್ಲಿನ ಕಣ ಕಣ ಕಾಣಬೇಕು. ಮೇಣ ಮೆತ್ತಿದ ಹಾಗೆ ನುಣ್ಣಗಿದ್ದರೆ ಅಲ್ಲಿ ವಿವರ ಇಲ್ಲ. ಮುಖದ ಮಟ್ಟಿಗೆ ಮಾತ್ರ ಮುಖವನ್ನೇ ನೋಡಬೇಕು, ಯಾಕೆಂದರೆ ಫೋಕಸ್ ಹಿಂದಿನ ಬಂಡೆಗೆ ಸಿಕ್ಕಿ ಜನ ಮಸುಕಾಗಿರುವುದೂ ಉಂಟು.

ಅಂಗಡಿಗೆ ಕೊಡುವಾಗ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಅಲ್ಲಿ "ನಂಬರಿಗೆ ವಾಟ್ಸಾಪ್ ಮಾಡಿ" ಅಂದರೆ ಮತ್ತೆ ಮೊದಲಿನ ಕಥೆಯೇ. ನಮ್ಮ ಕಡೆ ಹೆಚ್ಚಿನವರು ಕೋರಲ್‌ಡ್ರಾದಲ್ಲಿ ಪುಟ ಮಾಡಿ ಫೋಟೋ ತಂದು ಕೂರಿಸುತ್ತಾರೆ. ಪುಟ 32×24 ಇಂಚು ಇಟ್ಟು, ಫೋಟೋ ಪೂರ್ತಿ ಕೂರಿಸಿದ ಮೇಲೆ ಅದರ ಮೇಲೆ ಒಮ್ಮೆ ಕ್ಲಿಕ್ ಮಾಡಲು ಹೇಳಿ. ಪರದೆಯ ಕೆಳಗಿನ ಪಟ್ಟಿಯಲ್ಲಿ ಆ ಅಳತೆಗೆ ನಿಜವಾಗಿ ಬರುವ ಡಿಪಿಐ ಕಾಣುತ್ತದೆ. 125 × 125 ಅಂತ ಇರಬೇಕು. ಎರಡು ಸಂಖ್ಯೆ ಬೇರೆ ಬೇರೆ ಇದ್ದರೆ ಫೋಟೋವನ್ನು ಒಂದು ಕಡೆಗೆ ಎಳೆದಿದ್ದಾರೆ. 50 ಅಂತ ಇದ್ದರೆ ಹಳೆಯ ವಾಟ್ಸಾಪ್ ಫೈಲ್ ತೆರೆದಿದ್ದಾರೆ.

ಅಪ್ಪ ಅಮ್ಮನ ಹೆಸರು, ಮದುವೆಯ ತಾರೀಖು ಬರೆಸುವ ಆಸೆ ಇದ್ದರೆ ಮೊಬೈಲ್ ಆ್ಯಪ್‌ನಲ್ಲಿ ಫೋಟೋ ಮೇಲೆ ಬರೆದುಕೊಂಡು ಹೋಗಬೇಡಿ. ಹಾಗೆ ಬರೆದ ಅಕ್ಷರವೂ ಪಿಕ್ಸೆಲ್ ಆಗಿಬಿಡುತ್ತದೆ. ಮುಖಕ್ಕಿಂತ ಅಕ್ಷರದಲ್ಲಿ ಚೌಕ ಬೇಗ ಕಣ್ಣಿಗೆ ಬೀಳುತ್ತದೆ, ಯಾಕೆಂದರೆ ಅಂಚು ಚೂಪಾಗಿರುತ್ತದೆ. ನಮ್ಮ ಒತ್ತಕ್ಷರಗಳಂತೂ ಚಿಕ್ಕವು. ನಾಗರತ್ನಮ್ಮ ಅನ್ನುವ ಹೆಸರಿನಲ್ಲಿ ಆ ಪುಟ್ಟ ನ ಒತ್ತು, ಮ ಒತ್ತು ಮೊದಲು ಕಲಸಿಹೋಗುತ್ತವೆ. ಹೆಸರನ್ನು ಕೋರಲ್‌ಡ್ರಾದಲ್ಲೇ ಟೈಪ್ ಮಾಡಿಸಿ. ಟೈಪ್ ಮಾಡಿದ ಮೇಲೆ ಅಕ್ಷರ ಆರಿಸಿ `Convert to Curves` ಕೊಡಲು ಹೇಳಿ. ಆಗ ಅಕ್ಷರ ಗೆರೆಯ ರೂಪದಲ್ಲಿ ಇರುತ್ತದೆ, ಎಷ್ಟು ದೊಡ್ಡದು ಮಾಡಿದರೂ ಅಂಚು ಚೊಕ್ಕ. ಪ್ರಿಂಟ್ ಮಾಡುವ ಕಂಪ್ಯೂಟರ್‌ನಲ್ಲಿ ಆ ಕನ್ನಡ ಫಾಂಟ್ ಇಲ್ಲದೆ ಅಕ್ಷರ ಚೆಲ್ಲಾಪಿಲ್ಲಿ ಆಗುವ ಭಯವೂ ಇಲ್ಲ.

125ರ ಫೈಲನ್ನು ಹಾಗೇ ಕೊಡಬೇಕಾ, ಹಿಗ್ಗಿಸಿ ಕೊಡಬೇಕಾ ಅಂತ ಮುಂದೆ ನೀವು ಕೇಳಬಹುದು. ನಾನು `Resample` ಇಟ್ಟು ಎರಡು ಪಟ್ಟು, ಅಂದರೆ 8000×6000 ಮಾಡಿ ಪ್ರಿಂಟ್ ಹಾಕುತ್ತೇನೆ. ಹೊಸ ವಿವರ ಬರುತ್ತದೆ ಅಂತ ಅಲ್ಲ. ಯಾರಾದರೂ ಒಂದು ಅಡಿ ಹತ್ತಿರ ಬಂದಾಗ ಓರೆ ಗೆರೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ತಪ್ಪಿ, ಸ್ವಲ್ಪ ಮೆತ್ತಗೆ ಕಾಣುತ್ತದೆ. ನಿಮ್ಮ ಸ್ನೇಹಿತರು ಮಾಡಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದು: ಇಲ್ಲಿ ಬೇಕಾದ ವಿವರ ಮೊದಲೇ ಇದೆ, ಹಿಗ್ಗಿಸುವುದು ಅಂಚು ನಯ ಮಾಡಲು ಮಾತ್ರ.

ಅಣ್ಣ "ಫೋನ್ ಬದಲಾಯಿಸಿದೆ, ಫೋಟೋ ಹೋಯ್ತು" ಅಂದರೆ? ಮೊದಲು ಅವರ ಹಳೆಯ ಫೋನ್, ಗೂಗಲ್ ಫೋಟೋಸ್ ಹುಡುಕಿಸಿ. ಅದೂ ಆಗದಿದ್ದರೆ 1600×1200ನ್ನು 16×12 ಇಂಚಿಗೆ ಮಾಡಿಸಿ. 100 ಡಿಪಿಐ ಬರುತ್ತದೆ. ವಾಟ್ಸಾಪ್ ಒತ್ತಿ ಕುಗ್ಗಿಸಿದ್ದರಿಂದ ಬಣ್ಣಗಳ ಅಂಚಿನಲ್ಲಿ ಸ್ವಲ್ಪ ಕಲೆ ಇರುತ್ತದೆ, ಆದರೂ ಮೂರು ಅಡಿಗೆ ನೋಡುವ ಹಾಗಿರುತ್ತದೆ. ಸುತ್ತ ನಾಲ್ಕು ಇಂಚಿನ ಬಿಳಿ ಮೌಂಟ್ ಬೋರ್ಡ್ ಇಟ್ಟು ಫ್ರೇಮ್ ಕಟ್ಟಿಸಿದರೆ ಗೋಡೆ ಮೇಲೆ 24×20 ಇಂಚು ತುಂಬುತ್ತದೆ. ಮಸುಕಾದ ದೊಡ್ಡ ಮುಖಕ್ಕಿಂತ ಸ್ಪಷ್ಟವಾದ ಚಿಕ್ಕ ಮುಖ ಮನೆಯಲ್ಲಿ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಕೊಡುವ ಕಾಗದ ಮ್ಯಾಟ್ ಇರಲಿ. ಹೊಳೆಯುವ ಕಾಗದ ಸಣ್ಣ ದೋಷವನ್ನೂ ಎತ್ತಿ ತೋರಿಸುತ್ತದೆ.

ದೊಡ್ಡ ಪ್ರಿಂಟಿಗೆ ಹಣ ಕೊಡುವ ಮೊದಲು ಒಂದು ತುಂಡು ಪರೀಕ್ಷೆ ಮಾಡಿ. 32×24 ಇಂಚಿನ ಪೋಸ್ಟರ್ ಅಂದರೆ ಎಂಟು 8×12 ಪ್ರಿಂಟುಗಳನ್ನು ಜೋಡಿಸಿದಷ್ಟು ಜಾಗ. ಅದರಲ್ಲಿ ಒಂದನ್ನು ಮಾತ್ರ ಈಗಲೇ ಪ್ರಿಂಟ್ ಹಾಕಿಸಬಹುದು. ಮೂಲ ಫೋಟೋದಿಂದ ಇಬ್ಬರ ಮುಖವೂ ಬರುವ ಹಾಗೆ 1500×1000 ಪಿಕ್ಸೆಲ್‌ನ ಒಂದು ಭಾಗ ಕತ್ತರಿಸಿ ಬೇರೆ ಹೆಸರಿನಲ್ಲಿ ಉಳಿಸಿ. ಅದನ್ನು ಸ್ಟುಡಿಯೋದಲ್ಲಿ 12×8 ಪ್ರಿಂಟ್ ಮಾಡಿಸಿ. 1500ನ್ನು 12ರಿಂದ ಭಾಗಿಸಿದರೆ 125 ತಾನೇ? ಹಾಗಾಗಿ ಆ ತುಂಡಿನಲ್ಲಿ ಮುಖ ಎಷ್ಟು ದೊಡ್ಡದಾಗಿ, ಎಷ್ಟು ಚೊಕ್ಕವಾಗಿ ಕಾಣುತ್ತದೋ ದೊಡ್ಡ ಪೋಸ್ಟರಿನಲ್ಲೂ ಹಾಗೇ ಕಾಣುತ್ತದೆ. ವಾಟ್ಸಾಪ್ ನಕಲಿನಿಂದ ಅದೇ ಭಾಗ, 600×400 ಪಿಕ್ಸೆಲ್, ಕತ್ತರಿಸಿ ಇನ್ನೊಂದು 12×8 ಹಾಕಿಸಿದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.

ತುಂಡನ್ನು ಪೋಸ್ಟರ್ ಬರುವ ಗೋಡೆಗೇ, ಬರುವ ಎತ್ತರಕ್ಕೇ ಟೇಪ್ ಹಾಕಿ ಅಂಟಿಸಿ. ಒಂದು ದಿನ ಹಾಗೇ ಬಿಡಿ. ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ನೋಡಿ, ರಾತ್ರಿ ಟ್ಯೂಬ್‌ಲೈಟ್‌ನಲ್ಲಿ ನೋಡಿ. ಸೋಫಾದಿಂದ ನೋಡಿ, ಆಮೇಲೆ ನಿಧಾನವಾಗಿ ಹತ್ತಿರ ನಡೆಯುತ್ತಾ ಮುಖ ಯಾವಾಗ ಮಸುಕಾಗುತ್ತದೆ ಅಂತ ಗಮನಿಸಿ. ಮಸುಕಾದ ಜಾಗದಲ್ಲಿ ನಿಂತು ಗೋಡೆಗೆ ಟೇಪ್ ಹಿಡಿಯಿರಿ. ಎರಡೂವರೆ ಅಡಿಗಿಂತ ಕಡಿಮೆ ಬಂದರೆ 24×32ಕ್ಕೆ ಆರ್ಡರ್ ಕೊಡಿ. ನಾಲ್ಕೈದು ಅಡಿಯಲ್ಲೇ ಮಸುಕಾದರೆ ಕೈ ಅಲುಗಿದೆ ಅಥವಾ ಜೂಮ್ ಆಗಿದೆ, ಆಗ 18×24ಕ್ಕೆ ಇಳಿಸಿ ಇನ್ನೊಂದು ತುಂಡು ಹಾಕಿಸಿ. ಈ ಸಲ ಕತ್ತರಿಸುವ ಭಾಗ 2000×1333 ಪಿಕ್ಸೆಲ್ ಇರಲಿ, ಕಾಗದ ಅದೇ 12×8.